ಓರೆ ಬಿಸಿಲು ಬಿದ್ದಾಗ ಗೋಡೆ ಹೇಗೆ ಕಾಣುತ್ತದೆ?

ಯಲಬುರ್ಗಾ ಸೀಮೆಯ ಇಟಗಿಯಲ್ಲಿ ಮಹಾದೇವ ದಂಡನಾಯಕ 1112ರಲ್ಲಿ ಕಟ್ಟಿಸಿದ ದೇವಾಲಯವನ್ನು ದಿನದ ಎರಡು ಹೊತ್ತಿನಲ್ಲಿ ನೋಡಬೇಕು. ಬಿಸಿಲು ಎದುರಿನಿಂದ ನೇರವಾಗಿ ಬಿದ್ದಾಗ ಗೋಡೆಯ ಕೆತ್ತನೆ ಚಪ್ಪಟೆಯಾಗಿ, ಕಲ್ಲಿನೊಳಗೆ ಇಳಿದು ಹೋದಂತೆ ಕಾಣುತ್ತದೆ. ಅದೇ ಬಿಸಿಲು ಗೋಡೆಯನ್ನು ಸವರಿಕೊಂಡು ಜಾರತೊಡಗಿದರೆ ಕೂದಲೆಳೆಯಷ್ಟು ಸಣ್ಣ ಗೆರೆಗೂ ನೆರಳು ಮೂಡುತ್ತದೆ. ಶಿಲ್ಪಿಗೆ ವರವಾದ ಈ ಓರೆ ಬೆಳಕು ಹೊಸ ಮನೆಯ ಗೋಡೆಗೆ ಬಿದ್ದಾಗ ಗೌಂಡಿಯ ಕೈತಪ್ಪನ್ನೂ ಅಷ್ಟೇ ನಿಚ್ಚಳವಾಗಿ ತೋರಿಸಿಬಿಡುತ್ತದೆ.

ಲೆಕ್ಕ ಸರಳ. ಗೋಡೆಯ ಮೇಲೆ 1 ಮಿಲಿಮೀಟರ್ ಉಬ್ಬು ಇದೆ ಎನ್ನೋಣ. ಬೆಳಕು ಗೋಡೆಗೆ 45 ಡಿಗ್ರಿ ಓರೆಯಲ್ಲಿ ಬಿದ್ದರೆ ಅದರ ನೆರಳೂ 1 ಮಿಲಿಮೀಟರ್. 5 ಡಿಗ್ರಿ ಓರೆಯಲ್ಲಿ ಬಿದ್ದರೆ ಅದೇ ಉಬ್ಬಿನ ನೆರಳು 11 ಮಿಲಿಮೀಟರ್ ಉದ್ದ ಚಾಚುತ್ತದೆ. ಕೊಪ್ಪಳದಲ್ಲಿ ಇದನ್ನು ಕಣ್ಣಾರೆ ನೋಡಬೇಕೆಂದರೆ ಏಪ್ರಿಲ್ ನಡುವಿನ ಒಂದು ಮಧ್ಯಾಹ್ನ, ಸುಮಾರು 12 ಗಂಟೆ 25 ನಿಮಿಷಕ್ಕೆ, ಸಜ್ಜಾ ಇಲ್ಲದ ತೆಂಕಣ ಗೋಡೆಯ ಮುಂದೆ ನಿಲ್ಲಬೇಕು. ಆಗ ಸೂರ್ಯ ನೆತ್ತಿಯಿಂದ ಬರೀ 5 ಡಿಗ್ರಿ ತೆಂಕಣಕ್ಕೆ ಇರುತ್ತಾನೆ. ಡಿಸೆಂಬರಿನಲ್ಲಿ ನಯವಾಗಿ ಕಂಡಿದ್ದ ಗೋಡೆ ಅವತ್ತು ಉತ್ತ ಹೊಲದಂತೆ ಕಂಡರೆ ಗೋಡೆ ಕೆಟ್ಟಿದೆ ಎಂದಲ್ಲ, ಬಿಸಿಲಿನ ಓರೆ ಬದಲಾಗಿದೆ.

ಆದ್ದರಿಂದ ಬಣ್ಣದ ಅಂಗಡಿಗೆ ಹೋಗುವ ಮೊದಲು ಗೋಡೆಗೆ ಬೆಳಕು ಯಾವ ಕಡೆಯಿಂದ ಬರುತ್ತದೆ ಎಂದು ನೋಡಿಕೊಳ್ಳಬೇಕು. ಕುಷ್ಟಗಿಯ ಕಡೆಯ ಒಂದು ಸಾಮಾನ್ಯ ಪಡಸಾಲೆಯನ್ನೇ ತೆಗೆದುಕೊಳ್ಳೋಣ. ಪಡುವಣಕ್ಕೆ ಕಿಟಕಿ, ಕಿಟಕಿಗೆ ಅಂಟಿಕೊಂಡೇ ಒಳಕ್ಕೆ ಸಾಗುವ 12 ಅಡಿ ಉದ್ದದ ಪಕ್ಕದ ಗೋಡೆ. ಸಿಮೆಂಟ್ ಗಾರೆ ಆಗಿದೆ, ಬಣ್ಣ ಇನ್ನೂ ಬಿದ್ದಿಲ್ಲ. ಸಂಜೆಯ ಬೆಳಕು ಈ ಗೋಡೆಯನ್ನು ಉದ್ದಕ್ಕೂ ಸವರಿಕೊಂಡು ಹೋಗುತ್ತದೆ.

ಮೊದಲ ಕೆಲಸ ಕತ್ತಲಾದ ಮೇಲೆ. ಮೊಬೈಲಿನ ಟಾರ್ಚನ್ನು ಕಿಟಕಿಯ ಬದಿಯಲ್ಲಿ ಗೋಡೆಗೆ ತಾಗಿಸಿ ಹಿಡಿದರೆ ಕರಣೆ ನಿಂತ ಗುರುತು, ಮಟ್ಟಗೋಲು ಎಳೆದ ಅಲೆ, ಗಾರೆಯ ಎರಡು ದಿನದ ಕೆಲಸ ಕೂಡಿದ ಸಾಲು ಎಲ್ಲವೂ ಎದ್ದು ಬರುತ್ತವೆ. ಪೆನ್ಸಿಲಿನಿಂದ ಸುತ್ತು ಹಾಕಿಟ್ಟು ಮರುದಿನ ಉಬ್ಬನ್ನು ಕೆರೆದು, ತಗ್ಗನ್ನು ಸುಣ್ಣ ಮತ್ತು ಸಣ್ಣ ಉಸುಕಿನ ಮಿಶ್ರಣದಿಂದ ತುಂಬಬೇಕು. ಹಗಲಿನ ಬೆಳಕಿನಲ್ಲಿ ಕೈ ಆಡಿಸಿ ನೋಡಿದರೆ ಇವುಗಳಲ್ಲಿ ಅರ್ಧದಷ್ಟೂ ಸಿಗುವುದಿಲ್ಲ.

ಇಂಥ ಗೋಡೆಗೆ ಒಳ್ಳೆಯದು ಸುಣ್ಣವೇ. ಸುಣ್ಣದ ಮೈಗೆ ಹೊಳಪಿಲ್ಲ. ಬಿದ್ದ ಬೆಳಕನ್ನು ಎಲ್ಲ ಕಡೆಗೆ ಚದುರಿಸುವುದರಿಂದ ಎಣ್ಣೆಬಣ್ಣದ ಗೋಡೆಯಂತೆ ಬೆಳ್ಳಗಿನ ಪಟ್ಟೆ ಹೊಡೆಯುವುದಿಲ್ಲ. ಆದರೆ ಗೋಡೆ ನೀರು ಹೀರುವಂತಿರಬೇಕು. ಒಂದು ಹಿಡಿ ನೀರು ಎರಚಿ ನೋಡಿ, ಒಂದು ನಿಮಿಷದಲ್ಲಿ ಕಪ್ಪಾಗಿ ಹೀರಿಕೊಂಡರೆ ಸರಿ. ಹನಿಹನಿಯಾಗಿ ಜಾರಿದರೆ ಹಳೆಯ ಎಮಲ್ಷನ್ ಇದೆ ಎಂದರ್ಥ. ಅದನ್ನು ಪೂರ್ತಿ ಕೆರೆಯದೆ ಬಳಿದ ಸುಣ್ಣ ಹಪ್ಪಳದಂತೆ ಏಳುತ್ತದೆ.

1 ಕಿಲೋ ಸುಡುಸುಣ್ಣಕ್ಕೆ ಸುಮಾರು 5 ಲೀಟರ್ ನೀರು. ಸುಣ್ಣವನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕು, ಸುಣ್ಣದ ರಾಶಿಯ ಮೇಲೆ ನೀರು ಸುರಿಯಬಾರದು. ಅದು ಕುದಿದು ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು ಬೇಕೇಬೇಕು, ಮಕ್ಕಳು ದೂರವಿರಬೇಕು. 24 ಗಂಟೆ ಬಿಟ್ಟು ತೆಳು ಬಟ್ಟೆಯಲ್ಲಿ ಸೋಸಿದರೆ ಬಳಿಯಲು ಸಿದ್ಧ. ಹದ ಹಾಲಿನಷ್ಟೇ ತೆಳುವಾಗಿರಬೇಕು. ಬಣ್ಣ ಬೇಕಿದ್ದರೆ ಕೆಮ್ಮಣ್ಣಿನಂಥ ಮಣ್ಣಿನ ಬಣ್ಣವನ್ನು ಸುಣ್ಣದ ತೂಕದ ಹತ್ತನೇ ಒಂದು ಪಾಲು ಮೀರದಂತೆ ಬೆರೆಸಬಹುದು.

ಇಲ್ಲಿಯ ಬಿಸಿಲಿಗೆ ಹೆಚ್ಚು ಗಮನ ಕೊಡಬೇಕಾದದ್ದು ಮುಂದಿನ ಹಂತದಲ್ಲಿ. ಸುಣ್ಣ ಬರೀ ಒಣಗಿದರೆ ಸಾಲದು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಾಗಬೇಕು, ಅದಕ್ಕೆ ಗೋಡೆಯಲ್ಲಿ ಒಂದಿಷ್ಟು ತೇವ ಇರಬೇಕು. ಬೇಸಿಗೆಯ ಒಣ ಗಾಳಿಯಲ್ಲಿ ತೇವ ಒಂದೆರಡು ಗಂಟೆಯಲ್ಲೇ ಹಾರಿಹೋಗಿ ಸುಣ್ಣ ಪುಡಿಯಾಗಿಯೇ ಉಳಿಯುತ್ತದೆ. ಅದಕ್ಕೇ ಗೋಡೆಯನ್ನು ಮೊದಲು ನೀರಿನಿಂದ ತೋಯಿಸಿ, ನೀರಿನ ಹೊಳಪು ಆರಿದ ಮೇಲೆ, ಇಳಿಹೊತ್ತಿನಲ್ಲಿ ಬಳಿಯುವುದು ಒಳ್ಳೆಯದು. ಹಸಿ ಇದ್ದಾಗ ಸುಣ್ಣ ಪಾರದರ್ಶಕವಾಗಿ, ಏನೂ ಬಳಿದೇ ಇಲ್ಲವೆಂಬಂತೆ ಕಾಣುತ್ತದೆ. ಆ ಭ್ರಮೆಗೆ ಬಿದ್ದು ದಪ್ಪ ಬಳಿಯುವವರೇ ಹೆಚ್ಚು. ದಪ್ಪ ಬಳಿದರೆ ಬಲೆಯಂತೆ ಬಿರುಕು ಬಿಡುತ್ತದೆ. ತೆಳುವಾಗಿ ಕನಿಷ್ಠ ಮೂರು ಸಲ, ಸಲಕ್ಕೊಂದು ದಿನದ ಅಂತರ, ಪ್ರತಿ ಸಲವೂ ಮೊದಲು ಗೋಡೆ ತೋಯಿಸುವುದು. ಹದಿನೈದು ದಿನದ ಬಳಿಕ ಅಂಗೈ ಉಜ್ಜಿದಾಗ ಸ್ವಲ್ಪ ಬಿಳಿ ಹತ್ತುವುದು ಸಹಜ. ಹಿಟ್ಟಿನಂತೆ ಬಂದರೆ ಬೇಗ ಒಣಗಿದೆ ಎಂದು ತಿಳಿದು ಸಡಿಲ ಪುಡಿಯನ್ನು ಬ್ರಷ್‌ನಿಂದ ತೆಗೆದು, ತೋಯಿಸಿ ಮತ್ತೆ ಬಳಿಯಬೇಕು.

ಕುಂಚದ ದಿಕ್ಕಿನ ಬಗ್ಗೆ ಪೇಂಟರ್‌ಗೆ ಮೊದಲೇ ಹೇಳಿಬಿಡಬೇಕು. ಬೆಳಕು ಸಾಗುವ ದಿಕ್ಕಿನಲ್ಲೇ ಎಳೆದ ಗೆರೆಗೆ ನೆರಳಿಲ್ಲ, ಅಡ್ಡ ಬಂದ ಗೆರೆಗೆ ನೆರಳುಂಟು. ನಮ್ಮ ಪಡಸಾಲೆಯಲ್ಲಿ ಬೆಳಕು ಅಡ್ಡಡ್ಡ ಹೋಗುವುದರಿಂದ ಕೊನೆಯ ಸಲದ ಸುಣ್ಣವನ್ನು ಅಡ್ಡಡ್ಡ ಬಳಿದರೆ ಗೋಡೆ ಶಾಂತವಾಗಿ ಕಾಣುತ್ತದೆ. ಕುಂಚದ ಎಳೆಗಳೇ ಕಾಣಲಿ ಎನ್ನುವವರು ಮೇಲಿನಿಂದ ಕೆಳಕ್ಕೆ ಬಳಿಯಬೇಕು. ಹೊರಗಿನ ಗೋಡೆಗೆ ನಡುಹಗಲಿನ ಬೆಳಕು ಮೇಲಿಂದ ಇಳಿಯುವುದರಿಂದ ಅಲ್ಲಿ ಲೆಕ್ಕ ತಿರುಗುಮುರುಗು.

ಗೋಡೆ ಇನ್ನೂ ಇಟ್ಟಿಗೆಯ ಹಂತದಲ್ಲೇ ಇದ್ದರೆ ಸುಣ್ಣದ ಗಾರೆಯನ್ನೇ ಮಾಡಿಸಬಹುದು. ಇದು ಗಂಗಾವತಿ ಕಡೆಯವರಿಗೆ ಹೊಸದಲ್ಲ. ಆನೆಗೊಂದಿಯ ಗಗನ ಮಹಲಿನಲ್ಲೂ, ಹೊಳೆಯಾಚೆ ಹಂಪಿಯ ಕಮಲ ಮಹಲಿನಲ್ಲೂ ಹಳೆಯ ಗಚ್ಚುಗಾರೆ ಇವತ್ತಿಗೂ ಇದೆ. ಒಂದು ಪಾಲು ನೆನೆಸಿದ ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ಉಸುಕು ಬೆರೆಸಿ 10–12 ಮಿಲಿಮೀಟರ್ ತಳಪದರ, ಅದು ಗಟ್ಟಿಯಾದ ಮೇಲೆ ನಯವಾದ 2–3 ಮಿಲಿಮೀಟರ್ ಮೇಲ್ಪದರ. ಕರಣೆಯನ್ನು ಕಮಾನಿನಂತೆ ಆಡಿಸಿದರೆ ಉಳಿಯುವ ಮೆಲ್ಲಗಿನ ಅಲೆಗಳು ಓರೆ ಬೆಳಕಿನಲ್ಲಿ ಬಹಳ ಚೆಂದ ಕಾಣುತ್ತವೆ. ಅಂಚು ಗಡುಸಾಗಿಲ್ಲದ ಕಾರಣ ನೆರಳೂ ಮೆದುವಾಗಿಯೇ ಮೂಡುತ್ತದೆ. ತಳಪದರವನ್ನು ಒದ್ದೆ ಗೋಣಿತಟ್ಟು ಕಟ್ಟಿ ಕೆಲವು ದಿನ ಕಾಪಾಡಬೇಕು, ಆ ತಾಳ್ಮೆ ಇಲ್ಲದವರು ಇದಕ್ಕೆ ಕೈ ಹಾಕದಿರುವುದೇ ಒಳಿತು.

ರೋಲರ್ ಟೆಕ್ಸ್ಚರ್ ಬೇರೆಯೇ ಜಾತಿ. ಒಂದೂವರೆ ಎರಡು ಮಿಲಿಮೀಟರ್ ದಪ್ಪದ ಪೇಸ್ಟನ್ನು ಪ್ರೈಮರ್ ಮೇಲೆ ಹಚ್ಚಿ, ಹಸಿ ಇರುವಾಗಲೇ ಉಬ್ಬುರೋಲರ್ ಉರುಳಿಸುತ್ತಾರೆ. ಉಬ್ಬುಗಳು ಚೂಪಾದ್ದರಿಂದ ಓರೆ ಬೆಳಕಿಗೆ ನೆರಳು ಜೋರು, ತಳದ ಸಣ್ಣಪುಟ್ಟ ಅಲೆ ಅದರಲ್ಲಿ ಮುಚ್ಚಿಹೋಗುತ್ತದೆ. ಆದರೆ ನಡುಗೋಡೆಯಲ್ಲಿ ಕೆಲಸ ನಿಲ್ಲಿಸಿದರೆ ಆ ಜೋಡಣೆಯ ಗೆರೆ ಮುಚ್ಚುವುದಿಲ್ಲ, ಅದು ಮೊದಲಿಗಿಂತ ಎದ್ದೇ ಕಾಣುತ್ತದೆ. ಇಬ್ಬರು ಕೂಡಿ, ಒಬ್ಬರು ಹಚ್ಚುತ್ತ ಇನ್ನೊಬ್ಬರು ಉರುಳಿಸುತ್ತ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಒಂದೇ ಓಟಕ್ಕೆ ಮುಗಿಸಬೇಕು. ಗಿಣಿಗೇರಿಯ ಆಸುಪಾಸಿನಂತೆ ಕಾರ್ಖಾನೆಯ ಧೂಳು ಬೀಳುವ ಕಡೆ ಹೊರಗೋಡೆಗೆ ಅಡ್ಡ ಉಬ್ಬಿನ ಟೆಕ್ಸ್ಚರ್ ಬೇಡ. ಒಂದೊಂದು ಉಬ್ಬಿನ ತಲೆಯ ಮೇಲೂ ಧೂಳು ಕೂತು, ಮೊದಲ ಮಳೆಗೆ ಕರಿ ಗೆರೆಯಾಗಿ ಇಳಿಯುತ್ತದೆ.

ಇನ್ನು ದೀಪ. ಛಾವಣಿಯ ಪಟ್ಟಿಯಲ್ಲಿ ಗೋಡೆಯಿಂದ ಒಂದು ಗೇಣು ಒಳಗೆ ಎಲ್‌ಇಡಿ ಸಾಲು ಕೂರಿಸಿದರೆ ಅದು ದಿನವೂ ರಾತ್ರಿ ಏಪ್ರಿಲ್ ಮಧ್ಯಾಹ್ನವನ್ನೇ ತರುತ್ತದೆ. ಟೆಕ್ಸ್ಚರಿಗೆ ಅದು ಸರಿ, ಸಮತಟ್ಟಾದ ಗೋಡೆಗೆ ಎರಡೂವರೆ ಮೂರು ಅಡಿ ದೂರ ಸರಿಸಬೇಕು. ವೈರಿಂಗಿಗೆ ಗೋಡೆ ಕೊರೆಯುವ ಮೊದಲೇ ಎರಡಡಿ ಚೌಕದ ಮಾದರಿ ತುಂಡನ್ನು ಅದೇ ಗೋಡೆಯ ಮೇಲೆ ಮಾಡಿಸಿ, ಬೆಳಿಗ್ಗೆ, ಸಂಜೆ, ಮತ್ತೆ ದೀಪವನ್ನು ಕೈಯಲ್ಲಿ ಹಿಡಿದು ರಾತ್ರಿ, ಮೂರು ಹೊತ್ತು ನೋಡಿ ಆಮೇಲೆ ಗೌಂಡಿಗೆ ಹೂಂ ಎನ್ನಬಹುದು.