ಸಾಧ್ಯವೇ ಸಾಧನವಾದಾಗ

ಗಣಪತಿಯು ವ್ಯಾಸಮಹರ್ಷಿಗಳಿಗೆ ಲಿಪಿಕಾರನಾದ ಕಥೆಯನ್ನು ಅರಿಯದ ವಿದ್ಯಾರ್ಥಿಗಳು ನಮ್ಮಲ್ಲಿ ವಿರಳ. ಆದರೆ ನಮ್ಮ ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು ಸಿದ್ಧಪಡಿಸಿ 1966ರಲ್ಲಿ ಪೂರ್ಣಗೊಳಿಸಿದ ಮಹಾಭಾರತದ ಪರಿಷ್ಕೃತ ಆವೃತ್ತಿಯಲ್ಲಿ ಈ ಕಥೆಯು ಮೂಲಪಾಠದೊಳಗಿಲ್ಲ, ಆದಿಪರ್ವದ ಅನುಬಂಧದಲ್ಲಿದೆ. ಇದಕ್ಕೆ ಕಾರಣವೇನಿರಬಹುದೆಂದು ತರಗತಿಯಲ್ಲಿ ಕೇಳಿದಾಗ ಬಂದ ಉತ್ತರಗಳೇ ಈ ಪಾಠಕ್ಕೆ ವಸ್ತುವಾಗಿವೆ.

ಮೊದಲನೆಯವನು, “ಗುರುಗಳೇ, ಆ ಕಥೆಯು ಪ್ರಕ್ಷಿಪ್ತ, ಏಕೆಂದರೆ ಅದನ್ನು ಆಮೇಲೆ ಯಾರೋ ಸೇರಿಸಿದ್ದಾರೆ” ಎಂದನು. ಆಮೇಲೆ ಸೇರಿಸಿದ ಭಾಗಕ್ಕೇ ಪ್ರಕ್ಷಿಪ್ತವೆಂದು ಹೆಸರು. ಯಾವುದನ್ನು ಸಾಧಿಸಬೇಕಾಗಿತ್ತೋ ಅದನ್ನೇ ಬೇರೆ ಮಾತಿನ ಉಡುಪು ತೊಡಿಸಿ ಕಾರಣದ ಸ್ಥಾನದಲ್ಲಿ ಕುಳ್ಳಿರಿಸಿದಂತಾಯಿತು. ಸಾಧ್ಯವನ್ನೇ ಹೇತುವಾಗಿ ಗ್ರಹಿಸುವ ದೋಷವಿದು. ಇಲ್ಲಿ ಹೆಜ್ಜೆ ಒಂದೇ. ಆ ಹೆಜ್ಜೆಯೂ ನಿಂತಲ್ಲಿಯೇ ಇಟ್ಟದ್ದು.

ಎರಡನೆಯವನು ಹೆಚ್ಚು ಚತುರ. “ಒಳ್ಳೆಯ ಹಸ್ತಪ್ರತಿಗಳಲ್ಲಿ ಆ ಕಥೆ ಇಲ್ಲ, ಆದುದರಿಂದ ಪ್ರಕ್ಷಿಪ್ತ” ಎಂದನು. ಅವು ಒಳ್ಳೆಯ ಪ್ರತಿಗಳೆಂದು ತಿಳಿದುದು ಹೇಗೆ? “ಅವುಗಳಲ್ಲಿ ಪ್ರಕ್ಷೇಪಗಳು ಕಡಿಮೆ.” ಅದು ಹೇಗೆ ತಿಳಿಯಿತು? “ಗಣಪತಿಯ ಕಥೆಯಂತಹವು ಅವುಗಳಲ್ಲಿ ಇಲ್ಲವಲ್ಲ!” ತರಗತಿಯೆಲ್ಲ ನಕ್ಕಿತು, ಆದರೆ ಪ್ರೌಢ ವಿದ್ವಾಂಸರೂ ಈ ಬಲೆಗೆ ಬೀಳುವುದುಂಟು. ಪ್ರತಿಯ ಗುಣಕ್ಕೆ ಪಾಠವು ಸಾಕ್ಷಿ, ಪಾಠದ ಗುಣಕ್ಕೆ ಪ್ರತಿಯು ಸಾಕ್ಷಿ. ಎರಡು ಮಾತುಗಳು ಹೀಗೆ ಒಂದನ್ನೊಂದು ಆಶ್ರಯಿಸಿದರೆ ನಮ್ಮ ತರ್ಕಶಾಸ್ತ್ರವು ಅದನ್ನು ಅನ್ಯೋನ್ಯಾಶ್ರಯವೆನ್ನುತ್ತದೆ. ಮೂರು ಅಥವಾ ಹೆಚ್ಚು ಮಾತುಗಳನ್ನು ಸುತ್ತಿ ಮೊದಲಿನದಕ್ಕೇ ಮರಳಿದರೆ ಚಕ್ರಕವೆನ್ನುತ್ತದೆ.

ಇವೆರಡು ದೋಷಗಳು ಬಂಧುಗಳೇ. ಚಕ್ರಕದಲ್ಲಿಯೂ ಕೊನೆಗೆ ಸಾಧ್ಯವೇ ಹೇತುವಾಗುತ್ತದೆ. ಆದರೆ ಅಲ್ಲಿ ಒಂದೊಂದು ಹೆಜ್ಜೆಯನ್ನೂ ಬಿಡಿಯಾಗಿ ನೋಡಿದರೆ ತಪ್ಪು ಕಾಣದು. ಇಡೀ ದಾರಿಯನ್ನು ಕಾಗದದ ಮೇಲೆ ಬರೆದಾಗಲೇ ಅದು ಹೊರಟಲ್ಲಿಗೇ ಬಂದಿರುವುದು ತೋರುತ್ತದೆ. ಬರೆದ ಮೇಲೆ ತೀರ್ಮಾನದ ವಾಕ್ಯವನ್ನೂ, ಅದರ ಅರ್ಥವನ್ನೇ ಹೇಳುವ ಉಳಿದ ವಾಕ್ಯಗಳನ್ನೂ ಹೊಡೆದುಹಾಕಿರಿ. ಆಗ ಕಾರಣವೊಂದೂ ಉಳಿಯದಿದ್ದರೆ ವಾದವು ತನ್ನ ಹೆಗಲನ್ನು ತಾನೇ ಏರಿತ್ತೆಂದು ತಿಳಿಯಬೇಕು.

ಆದರೆ ಸಾಧ್ಯವು ಹೇಳದೆ ಉಳಿದ ಮಾತಿನಲ್ಲಿ ಅಡಗಿದ್ದರೆ ಹೊಡೆದುಹಾಕಲು ವಾಕ್ಯವೇ ಇರುವುದಿಲ್ಲ. ಮೂರನೆಯ ಉತ್ತರ ಅಂತಹುದು: “ಈ ಶ್ಲೋಕಗಳು ನೀರಸವಾಗಿವೆ, ಆದಕಾರಣ ವ್ಯಾಸಕೃತವಲ್ಲ.” ಕಾರಣದಲ್ಲಿರುವ ಪದ ‘ನೀರಸ’, ತೀರ್ಮಾನದಲ್ಲಿ ಹೊಸದಾಗಿ ಬಂದ ಪದ ‘ವ್ಯಾಸಕೃತ’. ಇವೆರಡನ್ನು ಜೋಡಿಸುವ ಸೇತುವೆಯು ಮಾತಿನಲ್ಲಿಲ್ಲ. ಅದನ್ನು ನಾವೇ ಅಧ್ಯಾಹಾರ ಮಾಡಿ ಬರೆಯೋಣ: ‘ವ್ಯಾಸರು ರಚಿಸಿದ ಶ್ಲೋಕಗಳಲ್ಲಿ ನೀರಸವಾದುದು ಒಂದೂ ಇಲ್ಲ.’ ಈಗ ಕೇಳಬೇಕಾದ ಪ್ರಶ್ನೆ ಇದು: ತೀರ್ಮಾನವನ್ನು ಒಪ್ಪದ ಪ್ರತಿವಾದಿಯು ಈ ವಾಕ್ಯವನ್ನು ಒಪ್ಪುವನೇ? ಒಪ್ಪಲಾರನು. ನೀರಸವೆನಿಸಿದುದನ್ನೆಲ್ಲ ಮೊದಲು ತೆಗೆದುಹಾಕಿ, ಉಳಿದುದೆಲ್ಲ ಸರಸವೆಂದು ತೋರಿಸಿದವರಿಗೆ ಮಾತ್ರ ಅದು ಸಿದ್ಧವಾದ ಮಾತು.

ನ್ಯಾಯಸೂತ್ರಗಳಲ್ಲಿ ಗೌತಮರು ಹೇಳಿದ ಐದು ಹೇತ್ವಾಭಾಸಗಳಲ್ಲಿ ‘ಸಾಧ್ಯಸಮ’ವೂ ಒಂದು. ನೆರಳು ಚಲಿಸುತ್ತದೆ, ಆದುದರಿಂದ ಅದು ದ್ರವ್ಯ ಎಂಬ ವಾದವನ್ನು ಭಾಷ್ಯಕಾರ ವಾತ್ಸ್ಯಾಯನರು ಇದಕ್ಕೆ ಉದಾಹರಣೆಯಾಗಿ ಕೊಡುತ್ತಾರೆ. ಚಲಿಸುವವನು ಮನುಷ್ಯ, ಬೆಳಕು ತಡೆಯಲ್ಪಡುವ ಸ್ಥಳವು ಬದಲಾಗುತ್ತ ಹೋಗುವುದನ್ನೇ ನಾವು ನೆರಳಿನ ಚಲನೆಯೆಂದೆವೇನೋ! ಚಲನೆಯೂ ದ್ರವ್ಯತ್ವದಷ್ಟೇ ಸಾಧಿಸಬೇಕಾದ ವಿಷಯವಾಯಿತು. ಇಲ್ಲಿ ಹೇತುವು ಸಾಧ್ಯವೇ ಅಲ್ಲವೆಂಬುದನ್ನು ಗಮನಿಸಿರಿ, ಸಾಧ್ಯದಷ್ಟೇ ಅಸಿದ್ಧ. ಈ ಸೂಕ್ಷ್ಮ ಭೇದವನ್ನು ಮರೆತು ಎರಡನ್ನೂ ಒಂದೆನ್ನುವುದು ಸರಿಯಲ್ಲ.

ವಾದವು ದುಷ್ಟವಾದ ಮಾತ್ರಕ್ಕೆ ತೀರ್ಮಾನವು ಸುಳ್ಳಾಗುವುದಿಲ್ಲ. ಗಣಪತಿಯ ಕಥೆ ಮೂಲದಲ್ಲಿರಲಿಲ್ಲವೆಂಬುದು ನಿಜವೇ ಇರಬಹುದು. ಆದರೆ ಅದಕ್ಕೆ ವೃತ್ತದ ಹೊರಗಿನಿಂದ ಆಧಾರ ಬೇಕು. 1925ರಿಂದ 1943ರವರೆಗೆ ಪ್ರಧಾನ ಸಂಪಾದಕರಾಗಿದ್ದ ಡಾ. ವಿ. ಎಸ್. ಸುಕ್ಥಣಕರ ಅವರು ಅಂತಹ ಆಧಾರವನ್ನು ಹಸ್ತಪ್ರತಿಗಳ ವಂಶಾವಳಿಯಲ್ಲಿ ಕಂಡರು. ಕಾಶ್ಮೀರದ ಶಾರದಾ ಲಿಪಿಯ ಪರಂಪರೆಯೂ ಕೇರಳದ ಮಲೆಯಾಳ ಲಿಪಿಯ ಪರಂಪರೆಯೂ ಪರಸ್ಪರ ದೂರದಲ್ಲಿ ಬೆಳೆದವು. ಇವೆರಡೂ ಒಂದೇ ಪಾಠವನ್ನು ಕೊಟ್ಟರೆ, ಅವು ಬೇರ್ಪಡುವ ಮುನ್ನವೇ ಆ ಪಾಠವಿದ್ದಿರಬೇಕು. ಶ್ಲೋಕದ ಸೊಗಸನ್ನು ಇಲ್ಲಿ ಯಾರೂ ಸಾಕ್ಷಿಗೆ ಕರೆಯಲಿಲ್ಲ.

ಹಾಗಾದರೆ ಈ ವಾದದಲ್ಲಿ ಅಡಗಿದ ಮಾತೇ ಇಲ್ಲವೇ? ಇದೆ: ‘ಈ ಎರಡು ಪರಂಪರೆಗಳು ಒಂದರಿಂದೊಂದು ಎರವಲು ಪಡೆದಿಲ್ಲ.’ ಯಾತ್ರಿಕನೊಬ್ಬನು ಉತ್ತರದ ಓಲೆಯನ್ನು ದಕ್ಷಿಣಕ್ಕೆ ಒಯ್ದು, ಅಲ್ಲಿಯ ಲಿಪಿಕಾರನು ಅದನ್ನು ನೋಡಿ ತನ್ನ ಪ್ರತಿಯನ್ನು ತಿದ್ದಿಕೊಂಡಿದ್ದರೆ, ಇಬ್ಬರು ಸಾಕ್ಷಿಗಳು ಒಬ್ಬನೇ ಆಗಿಬಿಡುತ್ತಾರೆ. ಆದರೆ ಈ ಮಾತು ಸಾಧ್ಯವಲ್ಲ. ಪ್ರತಿಗಳನ್ನು ಹೋಲಿಸಿ ಬೇರೆಯಾಗಿ ಪರೀಕ್ಷಿಸಬಹುದಾದುದು. ಪ್ರತಿಗಳಲ್ಲಿ ಇಂತಹ ಮಿಶ್ರಣವು ನಡೆದಿರುವುದನ್ನು ಸುಕ್ಥಣಕರರೇ ಆದಿಪರ್ವದ ಪೀಠಿಕೆಯಲ್ಲಿ ಒಪ್ಪಿ ಚರ್ಚಿಸಿದ್ದಾರೆ. ಆ ಸಂಪುಟಗಳನ್ನು ತೆರೆದು ನೋಡಿದರೆ ಕೆಲವು ಪದಗಳ ಕೆಳಗೆ ಅಲೆಯಂತಹ ಗೆರೆಯೊಂದು ಕಾಣುತ್ತದೆ. ಅಲ್ಲಿಯ ಪಾಠವು ನಿಶ್ಚಿತವಲ್ಲವೆಂದು ಸಂಪಾದಕರು ಇಟ್ಟ ಗುರುತು ಅದು.