ಸಂಪಾದಕರಿಗೆ ಪತ್ರ: ಏನು ನಿಲ್ಲಿಸಬೇಕು ಅಂತ ಹೇಳಿ

ಪತ್ರಲೇಖನ ಅಂದ್ರೆ ನಮಗೆಲ್ಲ ‘ಇಂದ, ಗೆ, ವಿಷಯ’ ಅಷ್ಟೇ ನೆನಪು. ಈ ಸಲ ಸಂಘದ ಗೆಳತಿಯೊಬ್ಬಳು ನಿಜವಾಗಿಯೂ ಕಳಿಸೋಕೆ ಅಂತಲೇ ಒಂದು ಪತ್ರ ಬರೆದು ತಂದಳು. ಕೆ.ಆರ್. ಪುರದಿಂದ ಮೆಟ್ರೊದಲ್ಲಿ ಬರುವಾಗ ಓದಿದ ಪತ್ರಿಕೆಯೊಂದರ ಮುಖಪುಟ ಅವಳನ್ನು ಕಾಡಿತ್ತು. “ಇಂಥ ಫೋಟೊ ನೋಡಿ ನೋಡಿ ಕನ್ನಡಿಯಲ್ಲಿ ನನ್ನ ಮುಖವೇ ತಪ್ಪು ಅನಿಸುತ್ತೆ. ದಯವಿಟ್ಟು ನಿಲ್ಲಿಸಿ” ಅಂತ ಬರೆದಿದ್ದಳು. ನೋವು ನಿಜ. ಆದರೆ ಏನನ್ನು ನಿಲ್ಲಿಸಬೇಕು ಅನ್ನೋದು ಪತ್ರದಲ್ಲಿ ಇರಲಿಲ್ಲ.

ಆಗ ನಮಗೆ ನೆನಪಾದವಳು ಜೂಲಿಯಾ ಬ್ಲೂಮ್. ಅಮೆರಿಕದ ಮೇನ್ ರಾಜ್ಯದ ಈ ಹುಡುಗಿ 2012ರಲ್ಲಿ, ತನ್ನ 14ನೇ ವಯಸ್ಸಿನಲ್ಲಿ, ‘ಸೆವೆಂಟೀನ್’ ಪತ್ರಿಕೆಗೆ ಒಂದು ಮನವಿ ಬರೆದಳು. ಅವಳು ಕೇಳಿದ್ದು ಒಂದೇ: ತಿಂಗಳಿಗೆ ಒಂದು ಸಲವಾದರೂ ತಿದ್ದದ ಫೋಟೊಗಳನ್ನು ಹಾಕಿ. 80 ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದರು. ಹುಡುಗಿಯರ ಮೈ, ಮುಖದ ಆಕಾರ ಬದಲಿಸುವುದಿಲ್ಲ ಅಂತ ಸಂಪಾದಕಿ ಆನ್ ಶೊಕೆಟ್ ಅದೇ ವರ್ಷ ಪತ್ರಿಕೆಯಲ್ಲೇ ಮಾತು ಕೊಟ್ಟರು. ಈ ಮಾತಿಗೂ ಮಿತಿ ಇತ್ತು. ಅದು ಆಕಾರದ ಬಗ್ಗೆ. ಮೊಡವೆ ಅಳಿಸುವುದನ್ನು ಅದು ತಡೆಯಲಿಲ್ಲ. ಬೇಡಿಕೆಯ ಒಂದೊಂದು ಪದವೂ ಯಾಕೆ ಮುಖ್ಯ ಅಂತ ಇಲ್ಲೇ ಗೊತ್ತಾಗುತ್ತೆ.

ಮುಂದೆ ಮುಖಪುಟವನ್ನೇ ಇಟ್ಟುಕೊಂಡು ಕೂತೆವು. ಸೊಂಟ ಸಣ್ಣ ಮಾಡಲು ‘ಲಿಕ್ವಿಫೈ’ ಬಳಸಿದರೆ ಪಿಕ್ಸೆಲ್‌ಗಳನ್ನು ಒಳಗೆ ತಳ್ಳಿದ ಹಾಗೆ. ಪಕ್ಕದ ಪಿಕ್ಸೆಲ್‌ಗಳೂ ಜೊತೆಗೆ ಜರುಗುತ್ತವೆ. ಹಾಗಾಗಿ ಹಿಂದಿನ ಬಾಗಿಲ ಚೌಕಟ್ಟು ಸೊಂಟದ ಹತ್ತಿರ ಮಾತ್ರ ಬಾಗಿದ್ದರೆ ಅನುಮಾನ ಪಡಬಹುದು. ಚೌಕಟ್ಟು ಉದ್ದಕ್ಕೂ ಒಂದೇ ಸಮ ಬಾಗಿದ್ದರೆ ಅದು ಲೆನ್ಸಿನ ಕೆಲಸವೂ ಇರಬಹುದು. ಕೈಬೆರಳಲ್ಲಿ ಚರ್ಮದ ಗೆರೆ ಕಾಣ್ತಾ ಇದ್ದು ಕೆನ್ನೆ ಮೇಣದ ಹಾಗಿದ್ದರೆ, ನುಣುಪು ಮಾಡಿರೋ ಸಾಧ್ಯತೆ ಉಂಟು. ಆದರೆ ಮೇಕಪ್, ಮೆದು ಬೆಳಕು ಕೂಡ ಹಾಗೆ ಮಾಡುತ್ತವೆ. ಆದ್ದರಿಂದ ಪತ್ರದಲ್ಲಿ ಆರೋಪ ಬೇಡ, ಪ್ರಶ್ನೆ ಇರಲಿ.

ಗೆಳತಿ ಮತ್ತೆ ಬರೆದಳು:

“ಮಾನ್ಯ ಸಂಪಾದಕರೇ,
ನಿಮ್ಮ ಈ ಸಂಚಿಕೆಯ ಮುಖಪುಟದಲ್ಲಿ ನಟಿಯ ಸೊಂಟದ ಪಕ್ಕ ಬಾಗಿಲ ಚೌಕಟ್ಟು ಒಳಕ್ಕೆ ಬಾಗಿದೆ. ಮೇಲೆ, ಕೆಳಗೆ ನೇರವಾಗಿದೆ. ಸೊಂಟವನ್ನು ತಿದ್ದಲಾಗಿದೆಯೇ? ನನಗೆ 19 ವರ್ಷ. ಇಂಥ ಸೊಂಟಕ್ಕೆ ನನ್ನ ಸೊಂಟ ಹೋಲಿಸಿಕೊಂಡು ಎಷ್ಟೋ ದಿನ ಮಧ್ಯಾಹ್ನದ ಊಟ ಬಿಟ್ಟಿದ್ದೇನೆ. ಬಣ್ಣ, ಬೆಳಕು ಸರಿಪಡಿಸಿ, ನನ್ನ ತಕರಾರಿಲ್ಲ. ಮೈ, ಮುಖದ ಆಕಾರ ಬದಲಿಸಿದ್ದರೆ ಫೋಟೊದ ಕೆಳಗೆ ಒಂದು ಸಾಲಿನಲ್ಲಿ ತಿಳಿಸಿ. ನಿಮ್ಮ ನಿಯಮ ಏನೆಂದು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಿ.”

ಊಟದ ವಿಷಯ ಮೊದಲ ಪತ್ರದಲ್ಲಿ ಇರಲಿಲ್ಲ. ನಮಗೂ ಗೊತ್ತಿರಲಿಲ್ಲ. ಆ ಸಾಲು ತೆಗೆಯೋಣವಾ ಅಂತ ಕೇಳಿದೆವು. “ಬೇಡ, ಇರಲಿ” ಅಂದಳು. ಪತ್ರ ಹಾಗೇ ಹೋಗಿದೆ.