‘ದೇ’ಗೆ ಕನ್ನಡದಲ್ಲಿ ಏನನ್ನೋದು?

ನಮ್ಮ ಕ್ಲಬ್‌ನಿಂದ ಹೋದ ಸೆಮಿಸ್ಟರ್‌ನಲ್ಲಿ ಒಂದು ಫಾರ್ಮ್ ಹಾಕಿದ್ದೆವು. ಹೆಸರು ಬರೆಯದೆ, ಕ್ಯಾಂಪಸ್‌ನಲ್ಲಿ ಮನಸ್ಸಿಗೆ ತಟ್ಟಿದ ಒಂದು ಅನುಭವ ಬರೆಯಿರಿ ಅಂತ. ಹೆಚ್ಚಿನವರು ಇಂಗ್ಲಿಷಿನಲ್ಲೇ ಬರೆದರು. ಅದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಕನ್ನಡ ಅಂದರೆ ಕಾವೂರಿನ ಮನೆಯಲ್ಲಿ, ಬಸ್ಸಿನಲ್ಲಿ ಆಡುವ ಭಾಷೆ. ಆದ್ರೂ ಧೈರ್ಯ ಮಾಡಿದೆ.

ಒಂದು ಬರಹ ಮೆಕ್ಯಾನಿಕಲ್‌ನವರದ್ದು. ತನ್ನ ಕ್ಲಾಸ್‌ಮೇಟ್ ಮೂರು ಸಬ್ಜೆಕ್ಟ್‌ನಲ್ಲಿ ಫೇಲ್ ಆದದ್ದು, ಮನೆಯಲ್ಲಿ ಹೇಳದೆ ಇದ್ದದ್ದು, ಲ್ಯಾಬ್‌ನಲ್ಲಿ ಒಂದು ದಿನ ಅತ್ತದ್ದು, ಆಮೇಲೆ ಕ್ಲಾಸಿಗೆ ಬರುವುದನ್ನೇ ಬಿಟ್ಟದ್ದು, ಇಷ್ಟೇ ವಿಷಯ. ಇಂಗ್ಲಿಷಿನಲ್ಲಿ ಉದ್ದಕ್ಕೂ ‘ದೇ’, ‘ದೆಯರ್’ ಅಂತಲೇ ಇತ್ತು. ನಾನು ಹೀಗೆ ಬರೆದೆ:

“ನನ್ನ ಕ್ಲಾಸ್‌ಮೇಟ್ ಒಬ್ಬಳು ಮೂರು ಸಬ್ಜೆಕ್ಟ್‌ನಲ್ಲಿ ಫೇಲ್ ಆದಳು. ಮನೆಯಲ್ಲಿ ಹೇಳಲಿಲ್ಲ. ಒಂದು ದಿನ ಲ್ಯಾಬ್‌ನಲ್ಲಿ ಅತ್ತಳು. ಆಮೇಲೆ ಕ್ಲಾಸಿಗೆ ಬರುವುದನ್ನೇ ನಿಲ್ಲಿಸಿದಳು.”

ಪ್ರೂಫ್ ನೋಡುತ್ತಿದ್ದ ಫೈನಲ್ ಇಯರ್ ಅಕ್ಕ ಕೇಳಿದರು: “ಹುಡುಗಿ ಅಂತ ಯಾರು ಹೇಳಿದ್ದು?” ಯಾರೂ ಹೇಳಿರಲಿಲ್ಲ. ಅತ್ತದ್ದು ಅಂತ ಓದಿದ ಕೂಡಲೆ ನನ್ನ ಕೈ ತಾನಾಗಿ ‘ಅಳು’ ಸೇರಿಸಿತ್ತು. ಆ ಸೆಕ್ಷನ್‌ನಲ್ಲಿ ಇರುವುದು ನಾಲ್ಕೇ ಹುಡುಗಿಯರು. ನನ್ನ ಊಹೆ ಸರಿಯಾಗಿದ್ದರೆ ಹೆಸರು ಹೇಳದ ಬರಹ ಹೆಸರು ಹೇಳಿದಂತೆ. ತಪ್ಪಾಗಿದ್ದರೆ ಸಂಬಂಧವೇ ಇಲ್ಲದ ನಾಲ್ಕು ಜನರ ಬಗ್ಗೆ ಗುಸುಗುಸು. ಎಲ್ಲ ಆದದ್ದು ಕ್ರಿಯಾಪದದ ಕೊನೆಯ ಒಂದು ಅಕ್ಷರದಿಂದ.

ಇಂಗ್ಲಿಷಿನಲ್ಲಿ ಲಿಂಗ ಇರುವುದು ಹೀ, ಶೀ ಎಂಬ ಸರ್ವನಾಮದಲ್ಲಿ ಮಾತ್ರ. ಕ್ರಿಯಾಪದ ‘ಕೇಮ್’ ಎಲ್ಲರಿಗೂ ಒಂದೇ. ಹಾಗಾಗಿ ಸರ್ವನಾಮ ಒಂದನ್ನು ಬದಲಾಯಿಸಿದರೆ ಕೆಲಸ ಮುಗಿಯಿತು. ಒಬ್ಬರಿಗೇ ‘ದೇ’ ಬಳಸುವುದು ಹೊಸ ಫ್ಯಾಷನ್ ಅಂತ ನಾನೂ ತಿಳಿದಿದ್ದೆ, ಆದರೆ ಅದು 14ನೇ ಶತಮಾನದಿಂದಲೇ ಇದೆ. 2019ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟಿನವರು ಅದನ್ನು ವರ್ಷದ ಪದ ಅಂತ ಆರಿಸಿದ ಮೇಲೆ ಹೆಚ್ಚು ಚರ್ಚೆ ಆಯಿತು ಅಷ್ಟೆ.

ಕನ್ನಡದಲ್ಲಿ ಸರ್ವನಾಮ ಬಿಟ್ಟರೂ ಕ್ರಿಯಾಪದ ಬಿಡುವುದಿಲ್ಲ. ಬಂದ, ಬಂದಳು, ಬಂತು, ಬಂದರು. ‘ಅವಳು’ ಅಂತ ಹೇಳದಿದ್ದರೂ ‘ಬಂದಳು’ ಸಾಕು. ಆದರೆ ಇದು ಪ್ರಥಮ ಪುರುಷದಲ್ಲಿ ಮಾತ್ರ. ‘ನಾನು ಬಂದೆ’, ‘ನೀನು ಬಂದೆ’ ಅನ್ನುವಲ್ಲಿ ಲಿಂಗ ಇಲ್ಲ. (ಈ ಲೇಖನ ಬರೆಯುತ್ತಿರುವುದು ಹುಡುಗನೋ ಹುಡುಗಿಯೋ, ಇಲ್ಲಿವರೆಗಿನ ವಾಕ್ಯಗಳಿಂದ ಹೇಳಿ ನೋಡೋಣ.) ನಮ್ಮ ಸುತ್ತಲಿನ ಭಾಷೆಗಳೇ ಇದರಲ್ಲಿ ಬೇರೆ ಬೇರೆ. ಕೊಂಕಣಿಯಲ್ಲಿ ‘ನಾನು ಬಂದೆ’ ಅನ್ನುವಾಗಲೂ ಗಂಡು ಹೆಣ್ಣು ಗೊತ್ತಾಗುತ್ತದೆ. ಕಾಸರಗೋಡಿನ ಕಡೆಯ ಮಲಯಾಳಂನಲ್ಲಿ ‘ವನ್ನು’ ಅಂದರೆ ಬಂದ, ಬಂದಳು, ಬಂದರು ಎಲ್ಲವೂ ಆಯಿತು. ಸರ್ವನಾಮದಲ್ಲಿ ಮಾತ್ರ ವ್ಯತ್ಯಾಸ, ಇಂಗ್ಲಿಷಿನ ಹಾಗೆ.

ಹಾಗಾದರೆ ‘ಅದು’ ಅಂತ ಹಾಕಬಹುದಾ? ಮಗುವಿಗೆ ಹಾಕುತ್ತೇವೆ, ‘ಮಗು ಮಲಗಿದೆ’ ಅಂತ. ದೊಡ್ಡವರಿಗೆ ಹಾಕಿದರೆ ಬೈದ ಹಾಗೆ. ಅದರ ಮೇಲೆ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ವಿಷಯ ಇದೆ. ಹವ್ಯಕ ಕನ್ನಡದಲ್ಲಿ ಹೆಂಗಸರಿಗೆ ‘ಅವಳು’ ಬದಲು ‘ಅದು’ ಅನ್ನುವುದೇ ರೂಢಿ, ಕ್ರಿಯಾಪದವೂ ನಪುಂಸಕದ್ದೇ. ಅದರಲ್ಲಿ ಅಗೌರವ ಏನೂ ಇಲ್ಲ. ಅಂದರೆ ನಾನು ‘ಅದು’ ಬರೆದರೆ ಹವ್ಯಕರ ಮನೆಯವರಿಗೆ ಹುಡುಗಿ ಅಂತಲೇ ಕೇಳಿಸುತ್ತದೆ, ಉಳಿದವರಿಗೆ ಅವಮಾನ ಅಂತ.

ಉಳಿದದ್ದು ‘ಅವರು’. ನನ್ನ ಎರಡನೇ ಪ್ರಯತ್ನದಲ್ಲಿ ಎಲ್ಲ ಕಡೆ ಅದನ್ನೇ ತುಂಬಿಸಿದೆ:

“ನನ್ನ ಕ್ಲಾಸ್‌ಮೇಟ್ ಒಬ್ಬರು ಮೂರು ಸಬ್ಜೆಕ್ಟ್‌ನಲ್ಲಿ ಫೇಲ್ ಆದರು. ಅವರು ಅಪ್ಪ ಅಮ್ಮನಿಗೆ ಹೇಳಲಿಲ್ಲ. ಅವರು ಬೇಸರ ಮಾಡಿಕೊಂಡಿದ್ದರು.”

ಮಾರಾಯ್ರೇ, ಇದನ್ನು ಓದಿದರೆ ಫೇಲ್ ಆದದ್ದು ಎಚ್‌ಒಡಿ ಅಂತ ಅನಿಸುತ್ತದೆ! ‘ಅವರು’ ಲಿಂಗವನ್ನು ಮುಚ್ಚುತ್ತದೆ, ಆದರೆ ಜೊತೆಗೆ ಗೌರವವನ್ನೂ ದೂರವನ್ನೂ ತರುತ್ತದೆ. ಜೊತೆಗೆ ಕೂತು ಓದುವವರ ಬಗ್ಗೆ ಯಾರೂ ಹಾಗೆ ಮಾತಾಡುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಮೂರನೇ ವಾಕ್ಯದಲ್ಲಿದೆ. ಬೇಸರ ಮಾಡಿಕೊಂಡದ್ದು ಯಾರು, ಕ್ಲಾಸ್‌ಮೇಟಾ, ಅಪ್ಪ ಅಮ್ಮನಾ? ಒಬ್ಬರಿಗೂ ‘ಅವರು’, ಇಬ್ಬರಿಗೂ ‘ಅವರು’.

ಆಗ ಅಕ್ಕ ಒಂದು ಮಾತು ಹೇಳಿದರು: ‘ದೇ’ಗೆ ಪದ ಹುಡುಕಬೇಡ, ಅದು ಬೇಕಾಗದ ವಾಕ್ಯ ಹುಡುಕು. ಹಾಗೆ ನೋಡಿದರೆ ನನ್ನ ಮೊದಲ ಕರಡಿನಲ್ಲೇ ಒಂದು ವಾಕ್ಯ ಸರಿಯಿತ್ತು: “ಮನೆಯಲ್ಲಿ ಹೇಳಲಿಲ್ಲ.” ನಿಷೇಧಕ್ಕೆ ಬರುವ ‘ಇಲ್ಲ’ ಯಾರಿಗೂ ಬದಲಾಗುವುದಿಲ್ಲ. ಬೇಕು, ಬೇಡ, ಬಹುದು, ಬಾರದು, ಇವೂ ಹಾಗೆಯೇ. ಅವನು ಬರಬೇಕು, ಅವಳು ಬರಬೇಕು, ನಾನೂ ಬರಬೇಕು. ‘ಬರಲಿ’ ಕೂಡ ಹೀಗೇ. ಇನ್ನು ‘ತನ್ನ’ ಅನ್ನುವ ಪದ ನೋಡಿ. ಇಂಗ್ಲಿಷಿನ ‘ದೆಯರ್’ ಎಷ್ಟೋ ಕಡೆ ‘ತನ್ನ’ ಆಗಿ ಬರುತ್ತದೆ. ಅದು ಏಕವಚನ, ಲಿಂಗ ಇಲ್ಲ, ಗೌರವದ ಭಾರವೂ ಇಲ್ಲ. ಮನೆಯಲ್ಲಿ ದಿನಾ ಬಳಸುತ್ತಿದ್ದರೂ ನಾನು ಗಮನಿಸಿರಲಿಲ್ಲ.

ಇನ್ನೊಂದು ದಾರಿ, ಮನುಷ್ಯರನ್ನು ಕರ್ತೃ ಸ್ಥಾನದಿಂದ ತೆಗೆದು ಆದ ಸಂಗತಿಯನ್ನು ಅಲ್ಲಿ ಇಡುವುದು. ‘ಅತ್ತಳು’ ಬದಲು ‘ಅಳು ಬಂತು’. ಇದು ಕೃತಕ ಅಲ್ಲ. ಹಸಿವಾಯ್ತು, ನೆನಪಾಯ್ತು, ಭಯ ಆಯ್ತು, ಗೊತ್ತಿದೆ, ಕನ್ನಡದಲ್ಲಿ ಒಳಗಿನ ಅನುಭವಗಳನ್ನು ಹೇಳುವುದೇ ಹೀಗೆ. ಮೂರನೇ ಕರಡು ಇದು:

“ನನ್ನ ಕ್ಲಾಸ್‌ಮೇಟ್ ಒಬ್ಬರದ್ದು ಮೂರು ಸಬ್ಜೆಕ್ಟ್ ಹೋಯಿತು. ಮನೆಯಲ್ಲಿ ಹೇಳಲಿಲ್ಲ, ಅಪ್ಪ ಅಮ್ಮ ಏನಂತಾರೋ ಅಂತ ಭಯ. ಒಂದು ದಿನ ಲ್ಯಾಬ್‌ನಲ್ಲಿ ಅಳು ಬಂತು. ಆಮೇಲೆ ಕ್ಲಾಸಿಗೆ ಬರುವುದೇ ನಿಂತಿತು. ಅವತ್ತೇ ನಾನು ಹೋಗಿ ಮಾತಾಡಬೇಕಿತ್ತು.”

ಇಡೀ ಭಾಗದಲ್ಲಿ ‘ಒಬ್ಬರದ್ದು’ ಅಂತ ಒಂದೇ ಕಡೆ ಬಹುವಚನ. ಅಷ್ಟು ಕಿವಿಗೆ ಚುಚ್ಚುವುದಿಲ್ಲ.

ಆದರೂ ಕಳೆದುಕೊಂಡದ್ದು ಇದೆ. ‘ಬರುವುದನ್ನು ನಿಲ್ಲಿಸಿದರು’ ಅಂದಾಗ ಅದೊಂದು ನಿರ್ಧಾರ. ‘ಬರುವುದು ನಿಂತಿತು’ ಅಂದರೆ ಮಳೆ ನಿಂತ ಹಾಗೆ. ಇಲ್ಲಿ ಪರವಾಗಿಲ್ಲ ಅಂತ ಬಿಟ್ಟೆವು. ರ‍್ಯಾಗಿಂಗ್ ದೂರಿನಂಥದ್ದನ್ನು ಅನುವಾದ ಮಾಡುವಾಗ ಇದೇ ಉಪಾಯ ಅಪಾಯ. “ಕೆನ್ನೆಗೆ ಏಟು ಬಿತ್ತು” ಅಂತ ಬರೆದರೆ ಹೊಡೆದವರೇ ಮಾಯ. ಅಲ್ಲಿ ‘ಒಬ್ಬ ಸೀನಿಯರ್ ಹೊಡೆದರು’ ಅಂದರೂ ‘ಒಬ್ಬ’ ಗಂಡಸಿಗೆ ಆಗುತ್ತದೆ. ‘ಸೀನಿಯರ್ ಒಬ್ಬರು ಹೊಡೆದರು’ ಅಂತಲೇ ಬರೆಯಬೇಕು. ಹೊಡೆದವರಿಗೆ ಗೌರವ ಯಾಕೆ ಅಂತ ಅನಿಸಿದರೂ ಸಹಿಸಬೇಕು.

ಯಾರಾದರೂ ತನ್ನನ್ನು ಹೀ, ಶೀ ಎರಡೂ ಅನ್ನಬೇಡಿ, ‘ದೇ’ ಅನ್ನಿ ಅಂತ ಕೇಳಿಕೊಂಡಿದ್ದರೆ ಅದು ಬೇರೆ ವಿಷಯ. ಅಲ್ಲಿ ಯಾರೂ ಅಡಗಿಲ್ಲ, ಅಡಗಿಸುವ ವಾಕ್ಯಗಳಲ್ಲಿ ಅವರನ್ನೇ ಅಳಿಸಿಬಿಡುತ್ತೇವೆ. ಆಗ ಕನ್ನಡದಲ್ಲಿ ಏನನ್ನಬೇಕು ಅಂತ ಅವರನ್ನೇ ಕೇಳಿ. ‘ಅವರು’ ಅಂದರೆ ‘ಅವರು’.

ಪ್ರಕಟಿಸುವ ಮೊದಲು ನಾನು ಎಲ್ಲ ಕ್ರಿಯಾಪದಗಳ ಕೊನೆಯನ್ನು ಒಂದೊಂದಾಗಿ ನೋಡಿದೆ. ಆಮೇಲೆ ಕ್ಯಾಂಟೀನ್‌ನಲ್ಲಿ ಮೂವರು ಜೂನಿಯರ್‌ಗಳಿಗೆ ಓದಿ ಹೇಳಿ, ಯಾರ ಬಗ್ಗೆ ಅಂತ ಅನಿಸಿತು ಅಂತ ಕೇಳಿದೆ. ಒಬ್ಬರು ಹುಡುಗ ಅಂದರು, ಒಬ್ಬರು ಹುಡುಗಿ ಅಂದರು. ಮೂರನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಈಗ ಕ್ಲಾಸಿಗೆ ಬರ್ತಾ ಇದ್ದಾರಾ?” ಅಂತ ಕೇಳಿದರು.